‘ನಮ್ಮ ಮನೆ’ ಗುಂಪು: ಅಂಗಡಿ ಬಿಲ್ ಎಸೆಯಬಹುದಾ?

ಚಿಕ್ಕಪ್ಪ: (ಫಾರ್ವರ್ಡ್) “ಸಣ್ಣ ವ್ಯಾಪಾರಿಗಳೇ, ಆದಾಯ ತೆರಿಗೆ ಕಾಯ್ದೆಯ 44ಎಡಿಯಲ್ಲಿ ರಿಟರ್ನ್ ಹಾಕಿದರೆ ಸಾಕು. ಲೆಕ್ಕ ಪುಸ್ತಕ ಬೇಡ, ಬಿಲ್ ಬೇಡ!”
ರಮೇಶ, ಇದನ್ನು ಓದು. ನಿನ್ನ ಅಂಗಡಿಯ ಆ ಕಾಗದದ ರಾಶಿಗೆ ಮುಕ್ತಿ ಕೊಡು.

ರಮೇಶಣ್ಣ: ಒಳ್ಳೆಯದಾಯ್ತು ಚಿಕ್ಕಪ್ಪ. ಎರಡು ಮೂಟೆ ಇದೆ, ಭಾನುವಾರ ಗುಜರಿಗೆ ಹಾಕುತ್ತೇನೆ.

ಸುಧಕ್ಕ: ಅಣ್ಣ, ದಯವಿಟ್ಟು ಹಾಕಬೇಡ. ಚಿಕ್ಕಪ್ಪ, ಇದು ಅರ್ಧ ಮಾತ್ರ ನಿಜ.

ಚಿಕ್ಕಪ್ಪ: ಯಾವುದಮ್ಮಾ ಸುಳ್ಳು? ಯುಪಿಐ ವ್ಯಾಪಾರಕ್ಕೆ 6%, ನಗದಿಗೆ 8% ಲಾಭ ಅಂತ ತೋರಿಸಿದರೆ ಆಯ್ತು. ಖರ್ಚು ಕೇಳುವವರೇ ಇಲ್ಲ.

ಸುಧಕ್ಕ: ಖರ್ಚು ಕೇಳುವುದಿಲ್ಲ, ಒಪ್ಪಿದೆ. ಆದರೆ ಆ ಶೇಕಡಾ ಲೆಕ್ಕ ಹಾಕುವುದು ಯಾವುದರ ಮೇಲೆ? ಒಟ್ಟು ವ್ಯಾಪಾರದ ಮೇಲೆ ಅಲ್ವಾ? ಆ ವ್ಯಾಪಾರ ಎಷ್ಟು ಅಂತ ತೋರಿಸಲು ಏನಿದೆ ನಮ್ಮ ಹತ್ತಿರ? ಅದೂ ಅಲ್ಲದೆ ಇದು ಬರೀ ಆದಾಯ ತೆರಿಗೆಯ ಮಾತು, ಜಿಎಸ್‌ಟಿ ಬೇರೆ. 2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಬೇಕರಿ, ಕಾಂಡಿಮೆಂಟ್ಸ್‌ನವರಿಗೆಲ್ಲ ನೋಟಿಸ್ ಕಳಿಸಿತಲ್ಲ, 2021-22ರಿಂದ ಹಿಡಿದು ಕೇಳಿದ್ದರು. ನಾಲ್ಕು ವರ್ಷದ ಹಿಂದಿನ ಕಾಗದ ಎಷ್ಟು ಜನ ಇಟ್ಟಿರುತ್ತಾರೆ?

ರಮೇಶಣ್ಣ: ನನಗೆ ಬಂದಿಲ್ಲ ಬಿಡು. ಬಂದರೂ ಬ್ಯಾಂಕ್ ಸ್ಟೇಟ್‌ಮೆಂಟ್ ಕೊಟ್ಟರೆ ಆಯ್ತು.

ಸುಧಕ್ಕ: ಅದನ್ನೇ ಕೊಟ್ಟರೆ ನಿನಗೇ ತೊಂದರೆ ಅಣ್ಣ. 2024-25ರಲ್ಲಿ ನಿನ್ನ ಖಾತೆಗೆ ಬಂದಿದ್ದು 43 ಲಕ್ಷ ಅಂದೆ. ನೀನು ಟೀ ಕಾಫಿ ಮಾಡಿ ಕೊಡುವುದಿಲ್ಲ, ಬರೀ ಸಾಮಾನು ಮಾರುತ್ತೀಯ, ಹಾಗಾಗಿ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ. ಸ್ಟೇಟ್‌ಮೆಂಟ್ ನೋಡಿದವರು ಮಿತಿ ದಾಟಿದೆ ಅಂತಲೇ ಹೇಳುತ್ತಾರೆ. ಆದರೆ ಅದರಲ್ಲಿ 4 ಲಕ್ಷ ನೀನು ಎತ್ತಿದ ಚೀಟಿ ದುಡ್ಡು. 2 ಲಕ್ಷ ಅಮ್ಮನ ಆಪರೇಷನ್‌ಗೆ ನಾವೆಲ್ಲ ಹಾಕಿದ್ದು. 1 ಲಕ್ಷ ನಿನ್ನದೇ ಇನ್ನೊಂದು ಖಾತೆಯಿಂದ ಬಂದದ್ದು. ಈ 7 ಲಕ್ಷ ತೆಗೆದರೆ ಯುಪಿಐ ವ್ಯಾಪಾರ 36 ಲಕ್ಷ.

ನಾನು: ನಗದು ಸೇರಿಸಬೇಕಲ್ವಾ ಅಕ್ಕ?

ಸುಧಕ್ಕ: ಸೇರಿಸಲೇಬೇಕು. ಅಣ್ಣ ಎರಡೂವರೆ ಲಕ್ಷ ಅನ್ನುತ್ತಾನೆ, ಅಲ್ಲಿಗೆ 38.5 ಲಕ್ಷ, ಮಿತಿಯ ಒಳಗೇ ಇದೆ. ಆದರೆ ಆ ಎರಡೂವರೆ ಬಾಯಿ ಲೆಕ್ಕ. ದಿನಾ ಬಾಗಿಲು ಹಾಕುವಾಗ ಒಂದು ಸಾಲು ಬರೆದಿದ್ದರೆ ನಂಬುತ್ತಾರೆ. ಇಲ್ಲದಿದ್ದರೆ ಖರೀದಿ ಬಿಲ್ ಕೂಡಿಸಿ ‘ಇಷ್ಟು ಮಾಲು ತಂದವನು ಇಷ್ಟೇ ಮಾರಿದನಾ’ ಅಂತ ಕೇಳಬಹುದು. ಆದಾಯ ತೆರಿಗೆಗೂ ಇದೇ ಲೆಕ್ಕ: 36 ಲಕ್ಷಕ್ಕೆ 6% ಅಂದರೆ 2,16,000, ಎರಡೂವರೆಗೆ 8% ಅಂದರೆ 20,000. ಇದು ಕನಿಷ್ಠ, ನಿಜವಾದ ಲಾಭ ಇನ್ನೂ ಜಾಸ್ತಿ ಇದ್ದರೆ ಅದನ್ನೇ ತೋರಿಸಬೇಕು.

ಚಿಕ್ಕಪ್ಪ: ಸರಿ, ಹಾಗಾದರೆ ಕರೆಂಟ್ ಬಿಲ್, ಬಾಡಿಗೆ ರಸೀದಿ ಎಲ್ಲ ಇಡಬೇಕಾ? ಅವನೇನು ಕಂಪನಿ ನಡೆಸುತ್ತಿದ್ದಾನಾ?

ಸುಧಕ್ಕ: ಇಲ್ಲಿ ನೀವು ಹೇಳಿದ್ದೇ ಸರಿ ಚಿಕ್ಕಪ್ಪ. 44ಎಡಿಯಲ್ಲಿ ಅವು ತೆರಿಗೆ ಇಳಿಸುವುದಿಲ್ಲ, ಇಡದಿದ್ದರೂ ನಡೆಯುತ್ತದೆ. ನಾನು ಹಟ ಮಾಡುತ್ತಿರುವುದು ಎರಡಕ್ಕೆ ಮಾತ್ರ. ಒಂದು, ಖರೀದಿ ಬಿಲ್, ಅದರಲ್ಲೂ ಹಾಲಿನದು. ಪ್ಯಾಕೆಟ್ ಹಾಲಿಗೆ ಜಿಎಸ್‌ಟಿ ಇಲ್ಲ, ಆದರೆ ಅಣ್ಣ, ನೀನು ಬಿಸ್ಕತ್ತು, ಚಿಪ್ಸ್ ಕೂಡ ಮಾರುವುದರಿಂದ 40 ಲಕ್ಷದ ಲೆಕ್ಕಕ್ಕೆ ಹಾಲೂ ಸೇರುತ್ತದೆ. ಮುಂದೆ ಮಿತಿ ದಾಟಿದರೆ ‘ಇಷ್ಟು ಹಾಲಿನದು, ಇದಕ್ಕೆ ತೆರಿಗೆ ಇಲ್ಲ’ ಅನ್ನಲು ಏಜೆಂಟ್ ಕೊಟ್ಟ ಬಿಲ್ಲೇ ಆಧಾರ. ಇನ್ನೊಂದು, ವ್ಯಾಪಾರದ್ದಲ್ಲದ ದುಡ್ಡಿನ ಕಾಗದ: ಚೀಟಿ ಪಾಸ್‌ಬುಕ್, ಆಸ್ಪತ್ರೆ ಬಿಲ್, ನಾವು ಕಳಿಸಿದ್ದರ ಸ್ಟೇಟ್‌ಮೆಂಟ್.

ರಮೇಶಣ್ಣ: ಬೆಳಗ್ಗೆ ಐದಕ್ಕೆ ಹಾಲು ಇಳಿಸುವವನಿಗೆ ಫೈಲ್ ಮಾಡುವ ಪುರುಸೊತ್ತು ಎಲ್ಲಿದೆ ಸುಧಾ?

ಸುಧಕ್ಕ: ಫೈಲ್ ಬೇಡ. ತಿಂಗಳಿಗೆ ಒಂದು ದೊಡ್ಡ ಕವರ್, ಮೇಲೆ ‘ಏಪ್ರಿಲ್ 2025’ ಅಂತ ಬರೆದು ಗಲ್ಲಾಪೆಟ್ಟಿಗೆ ಪಕ್ಕ ನೇತುಹಾಕು. ಮಾಲು ಇಳಿದ ತಕ್ಷಣ ಬಿಲ್ ಅದರೊಳಗೆ. ಮಿಷಿನ್‌ನಿಂದ ಬರುವ ನುಣುಪು ಕಾಗದದ ಬಿಲ್ ಮಾತ್ರ ಅವತ್ತೇ ಫೋಟೋ ತೆಗೆ, ಆರು ತಿಂಗಳಲ್ಲಿ ಅಕ್ಷರ ಮಾಸಿ ಬಿಳಿ ಹಾಳೆ ಆಗಿರುತ್ತದೆ. ಒಂದು ನೋಟ್‌ಬುಕ್, ಮೂರು ಕಾಲಂ: ಯುಪಿಐ, ನಗದು, ಮನೆ ದುಡ್ಡು. ತಿಂಗಳ ಕೊನೆಗೆ ಸ್ಟೇಟ್‌ಮೆಂಟ್ ಪಿಡಿಎಫ್ ನನಗೆ ಕಳಿಸು, ಮೂರನೇ ಕಾಲಂ ನಾನು ತಾಳೆ ನೋಡುತ್ತೇನೆ. ಮುಖ್ಯವಾಗಿ, ಅಂಗಡಿ ಕ್ಯೂಆರ್‌ಗೆ ಬೇರೆ ಖಾತೆ ಮಾಡಿಸು. ಆಗ ಆ ಕಾಲಂ ತುಂಬುವ ಕೆಲಸವೇ ಹೆಚ್ಚು ಕಡಿಮೆ ತಪ್ಪುತ್ತದೆ.

ನಾನು: ಎಷ್ಟು ವರ್ಷ ಇಡಬೇಕು?

ಸುಧಕ್ಕ: ನಮ್ಮ ಆಫೀಸಿನಲ್ಲಿ 2024-25ರ ಕವರ್‌ಗಳ ಮೇಲೆ ‘ಮಾರ್ಚ್ 2032’ ಅಂತ ಬರೆದಿಡುತ್ತೇವೆ. ಅಲ್ಲಿಯವರೆಗೆ ಗುಜರಿಯವನ ಕೈಗೆ ಕೊಡಬೇಡ.

ಚಿಕ್ಕಪ್ಪ: ಆ ಮೆಸೇಜ್ ನಮ್ಮ ವರ್ತಕರ ಗುಂಪಿಗೂ ಹಾಕಿಬಿಟ್ಟಿದ್ದೇನೆ. ನೀನು ಬರೆದದ್ದನ್ನು ಅಲ್ಲಿಗೂ ಹಾಕುತ್ತೇನೆ. ಹಾಲಿನ ವಿಷಯ ನನಗೂ ಗೊತ್ತಿರಲಿಲ್ಲ.

ರಮೇಶಣ್ಣ: ಮೂಟೆ ಬಿಚ್ಚಿದೆ. ಚೀಟಿ ಪಾಸ್‌ಬುಕ್ ಸಿಕ್ಕಿತು. ಆಸ್ಪತ್ರೆ ಬಿಲ್ ಯಾರ ಹತ್ತಿರ ಇದೆ?

ಸುಧಕ್ಕ: ನನ್ನ ಬೀರುವಿನಲ್ಲಿದೆ. ನಾಳೆ ಫೋಟೋ ಕಳಿಸುತ್ತೇನೆ.