ಸಂಬಳದ ಖಾತೆ ಸಾಮಾನ್ಯ ಖಾತೆಯಾದ ಮೇಲೆ ಕಡಿತವಾದ ಮಿನಿಮಮ್ ಬ್ಯಾಲೆನ್ಸ್ ದಂಡ: ವಾಪಸ್ ಪಡೆದವರ ಅನುಭವ ಬೇಕಾಗಿದೆ

ಕೇಳಿದವರು: ಹೊಸಹಾದಿ
ಕೆಲಸ ಬಿಟ್ಟ ಮೇಲೆ ಹಳೆಯ ಕಂಪನಿಯ ಸಂಬಳದ ಖಾತೆಯನ್ನು ಹಾಗೆಯೇ ಇಟ್ಟುಕೊಂಡಿದ್ದೆ. ಈಗ ಸ್ಟೇಟ್‌ಮೆಂಟ್ ತೆಗೆದು ನೋಡಿದರೆ ನಾಲ್ಕು ತಿಂಗಳು ತಲಾ ₹590, ಎಸ್ಎಂಎಸ್ ಶುಲ್ಕವೆಂದು ಎರಡು ಸಲ ₹17.70, ಡೆಬಿಟ್ ಕಾರ್ಡಿಗೆ ₹236, ಒಟ್ಟು ₹2,631.40 ಹೋಗಿದೆ. ನನಗೆ ಯಾವ ಮುನ್ಸೂಚನೆಯೂ ಬಂದಿಲ್ಲ. ವಾಪಸ್ ಪಡೆದವರು ಯಾರಾದರೂ ಇದ್ದರೆ ಹೇಗೆ ಪಡೆದಿರಿ ಎಂದು ದಯವಿಟ್ಟು ತಿಳಿಸಿ.

ಬೆಣ್ಣೆನಗರಿ
ನಾನು ಪಡೆದಿದ್ದೇನೆ, ಆದರೆ ಪೂರ್ತಿ ಅಲ್ಲ. ನನ್ನದೂ ಸಂಬಳದ ಖಾತೆಯೇ. ಮೂರು ತಿಂಗಳು ಸಂಬಳ ಜಮೆಯಾಗದಿದ್ದಾಗ ಬ್ಯಾಂಕ್ ಅದನ್ನು ಸಾಮಾನ್ಯ ಉಳಿತಾಯ ಖಾತೆಯಾಗಿ ಬದಲಿಸಿತು. ಶಾಖೆಯಲ್ಲಿ ಕೇಳಿದರೆ "ಸಿಸ್ಟಮ್ ತಾನಾಗಿಯೇ ಕಡಿತ ಮಾಡುತ್ತದೆ, ನಮ್ಮ ಕೈಯಲ್ಲಿ ಏನೂ ಇಲ್ಲ" ಎಂದರು. ಅವರ ಮುಂದೆ ದಯೆ ತೋರಿಸಿ ಎಂದು ಕೇಳುವುದನ್ನು ಬಿಟ್ಟು, ಬರವಣಿಗೆಯಲ್ಲಿ ಒಂದೇ ಪ್ರಶ್ನೆ ಕೇಳಿದೆ: ಬ್ಯಾಲೆನ್ಸ್ ಕಡಿಮೆಯಾಗಿದೆ ಎಂಬ ನೋಟಿಸನ್ನು ಯಾವ ದಿನಾಂಕದಂದು, ಯಾವ ಮೊಬೈಲ್ ಸಂಖ್ಯೆಗೆ ಅಥವಾ ಯಾವ ಇಮೇಲ್ ವಿಳಾಸಕ್ಕೆ ಕಳುಹಿಸಿದ್ದೀರಿ?

ಇದನ್ನು ಕೇಳಲು ಕಾರಣವಿದೆ. ರಿಸರ್ವ್ ಬ್ಯಾಂಕಿನ 2014ರ ನವೆಂಬರ್ 20ರ ಸುತ್ತೋಲೆ 2015ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಬ್ಯಾಂಕ್ ಮೊದಲು ಗ್ರಾಹಕರಿಗೆ ಕೊರತೆಯನ್ನು ತಿಳಿಸಬೇಕು, ತಿಳಿಸಿದ ದಿನದಿಂದ ಕನಿಷ್ಠ ಒಂದು ತಿಂಗಳು ಅದನ್ನು ತುಂಬಲು ಅವಕಾಶ ಕೊಡಬೇಕು, ಆಮೇಲೂ ತುಂಬದಿದ್ದರೆ ಮಾತ್ರ ದಂಡ ಹಾಕಬಹುದು. ನನ್ನ ಪ್ರಶ್ನೆಗೆ ಬಂದ ಉತ್ತರದಲ್ಲಿ ನೋಟಿಸಿನ ದಿನಾಂಕ ಆಗಸ್ಟ್ 11 ಎಂದಿತ್ತು. ನನ್ನ ಸ್ಟೇಟ್‌ಮೆಂಟಿನಲ್ಲಿ ಮೊದಲ ಕಡಿತ ಆಗಸ್ಟ್ 1ಕ್ಕೆ, ಅಂದರೆ ನೋಟಿಸಿಗೂ ಮೊದಲು ಆಗಿತ್ತು. ಎರಡನೆಯದು ಸೆಪ್ಟೆಂಬರ್ 2ಕ್ಕೆ, ಅಂದರೆ ತಿಂಗಳು ತುಂಬುವ ಮೊದಲು. ಎರಡೂ ದಿನಾಂಕಗಳನ್ನು ಅಕ್ಕಪಕ್ಕ ಬರೆದು ಕಳುಹಿಸಿದ ಮೇಲೆ ಅವರು ವಾದಕ್ಕಿಳಿಯಲಿಲ್ಲ. ಜಿಎಸ್‌ಟಿಯೂ ಸೇರಿ ₹1,180 ಮರಳಿ ಜಮೆಯಾಯಿತು. ಅಕ್ಟೋಬರ್ 3ರ ಕಡಿತ ನಿಯಮದ ಒಳಗೇ ಇದ್ದದ್ದರಿಂದ ಅದನ್ನು ಕೊಡಲಿಲ್ಲ.

ಗುಮ್ಮಟನಗರಿ
ಮೇಡಂ ಬರೆದಷ್ಟು ಕಾಗದ ಬರೆಯುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ನನ್ನ ಖಾತೆಯಲ್ಲಿ ವಿಮೆಯ ಕಂತಿಗೆಂದು ಲೆಕ್ಕ ಹಾಕಿ ಇಟ್ಟಿದ್ದ ಹಣದಲ್ಲಿ ಇವರು ₹590 ದಂಡ ಕತ್ತರಿಸಿದರು. ಅದರಿಂದ ಕಂತಿಗೆ ಹಣ ಸಾಲದೆ ಆಟೋ ಡೆಬಿಟ್ ವಾಪಸಾಯಿತು. ವಾಪಸಾದದ್ದಕ್ಕೆ ಬ್ಯಾಂಕ್ ಮತ್ತೆ ₹590 ಹಾಕಿತು. ಪಾಲಿಸಿಯ ಕಡೆಯಿಂದ ತಡವಾದದ್ದಕ್ಕೆ ಬಡ್ಡಿ ಬೇರೆ. ಒಂದು ದಂಡದಿಂದ ಮೂರು ಖರ್ಚು! ನಾನು ಖಾತೆಯನ್ನೇ ಮುಚ್ಚಿ ಸರ್ಕಾರಿ ಬ್ಯಾಂಕಿಗೆ ಹೋದೆ, ಇವತ್ತಿಗೂ ಆ ತೀರ್ಮಾನ ಸರಿಯೆಂದೇ ನಂಬಿದ್ದೇನೆ. ಈಗಂತೂ ರಿಸರ್ವ್ ಬ್ಯಾಂಕ್ ಮಿನಿಮಮ್ ಬ್ಯಾಲೆನ್ಸ್ ದಂಡವನ್ನೇ ರದ್ದು ಮಾಡಿದೆಯಲ್ಲವೇ? ಹಾಗಿರುವಾಗ ಕೇಳುವುದೇನಿದೆ, ಪೂರ್ತಿ ಹಣ ಕೊಡಲೇಬೇಕು.

ಕರಾವಳಿ ನಿವೃತ್ತ
ನಾನು ಶಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಗುಮ್ಮಟನಗರಿ ಅವರ ಕೊನೆಯ ಮಾತನ್ನು ನಂಬಿ ಯಾರೂ ಅರ್ಜಿ ಬರೆಯಬೇಡಿ. ರಿಸರ್ವ್ ಬ್ಯಾಂಕ್ ದಂಡವನ್ನು ರದ್ದು ಮಾಡಿಲ್ಲ. ಸ್ಟೇಟ್ ಬ್ಯಾಂಕ್ 2020ರ ಮಾರ್ಚ್‌ನಲ್ಲಿ, ಕೆನರಾ ಬ್ಯಾಂಕ್ 2025ರ ಜೂನ್‌ನಿಂದ ಅದನ್ನು ಕೈಬಿಟ್ಟವು. ಬೇರೆ ಕೆಲವು ಸರ್ಕಾರಿ ಬ್ಯಾಂಕುಗಳೂ 2025ರಲ್ಲಿ ಅದೇ ದಾರಿ ಹಿಡಿದವು. ಅವೆಲ್ಲ ಆಯಾ ಬ್ಯಾಂಕಿನ ಸ್ವಂತ ತೀರ್ಮಾನಗಳು. ಮಿನಿಮಮ್ ಬ್ಯಾಲೆನ್ಸ್ ಎಷ್ಟಿರಬೇಕು ಎಂಬುದು ಇಂದಿಗೂ ಬ್ಯಾಂಕಿಗೆ ಬಿಟ್ಟ ವಿಷಯ.

ಬೆಣ್ಣೆನಗರಿ ಅವರು ದಿನಾಂಕ ಹಿಡಿದದ್ದು ಸರಿಯಾದ ಕೆಲಸ. ಆದರೆ ಅದೇ ಸುತ್ತೋಲೆಯಲ್ಲಿ ಇನ್ನೊಂದು ಹಿಡಿತವಿದೆ: ದಂಡವು ಕೊರತೆಯಾದ ಮೊತ್ತಕ್ಕೆ ತಕ್ಕಂತೆ ಇರಬೇಕು. ನಾಲ್ಕು ತಿಂಗಳೂ ಒಂದೇ ₹590 ಬಿದ್ದಿದ್ದರೆ ನಾನು ಮೊದಲು ನೋಡುವುದು ಅದನ್ನೇ. ಹೆಚ್ಚಿನ ಬ್ಯಾಂಕುಗಳು ನೋಡುವುದು ತಿಂಗಳ ಸರಾಸರಿಯನ್ನು. ಪ್ರತಿ ದಿನದ ಕೊನೆಯ ಶಿಲ್ಕನ್ನು ಕೂಡಿಸಿ ದಿನಗಳಿಂದ ಭಾಗಿಸುತ್ತಾರೆ, ತಿಂಗಳ ಕೊನೆಯ ದಿನ ಹಣ ತುಂಬಿದರೆ ಆಯಿತು ಎಂಬ ನಂಬಿಕೆ ತಪ್ಪು. ಉದಾಹರಣೆಗೆ ಸರಾಸರಿ ₹10,000 ಇರಬೇಕಾದ ಖಾತೆಯಲ್ಲಿ ಹತ್ತು ದಿನ ₹18,000, ಉಳಿದ ಇಪ್ಪತ್ತು ದಿನ ₹1,500 ಇತ್ತೆನ್ನಿ. ಒಟ್ಟು ₹2,10,000, ಮೂವತ್ತರಿಂದ ಭಾಗಿಸಿದರೆ ₹7,000, ಕೊರತೆ ₹3,000. ಕೊರತೆಯ ಶೇ. 6 ಅಥವಾ ₹500, ಇವೆರಡರಲ್ಲಿ ಕಡಿಮೆಯದು ಎಂಬುದು ಬ್ಯಾಂಕಿನ ದರಪಟ್ಟಿಯಾಗಿದ್ದರೆ ದಂಡ ₹180, ಜಿಎಸ್‌ಟಿ ₹32.40, ಒಟ್ಟು ₹212.40 ಮಾತ್ರ. ಅದೇ ದರಪಟ್ಟಿಯಲ್ಲಿ ₹590 ಬೀಳಬೇಕಾದರೆ ಸರಾಸರಿ ಸುಮಾರು ₹1,667ಕ್ಕಿಂತ ಕೆಳಗಿರಬೇಕು. ಆದ್ದರಿಂದ ತಿಂಗಳುವಾರು ಸರಾಸರಿಯ ಲೆಕ್ಕವನ್ನೂ ಬರವಣಿಗೆಯಲ್ಲಿ ಕೇಳಬೇಕು.

ಕಾರ್ಡಿನ ವಾರ್ಷಿಕ ಶುಲ್ಕವನ್ನು ಇದರೊಳಗೆ ಬೆರೆಸಬೇಡಿ. ಅದು ಬೇರೆ ಸೇವೆಗೆ ಬೇರೆ ಶುಲ್ಕ, ಒಂದು ತಿಂಗಳ ನೋಟಿಸಿನ ವಾದ ಅಲ್ಲಿ ನಿಲ್ಲುವುದಿಲ್ಲ. ಕೌಂಟರಿನಲ್ಲಿ ಕೂತ ಹುಡುಗರ ಮೇಲೆ ಕೂಗಾಡುವುದರಿಂದಲೂ ಪ್ರಯೋಜನವಿಲ್ಲ, ಕಡಿತದ ಆಜ್ಞೆ ಅವರಿಂದ ಹೋಗುವುದಲ್ಲ.

ಗುಮ್ಮಟನಗರಿ
ಕೌಂಟರಿನ ಹುಡುಗರ ಬಗ್ಗೆ ನಾನು ಒಂದು ಮಾತೂ ಆಡಿಲ್ಲ, ದಯವಿಟ್ಟು ಓದಿ ಉತ್ತರಿಸಿ. ಬ್ಯಾಂಕಿನಲ್ಲಿ ದುಡಿದವರಿಗೆ ಬ್ಯಾಂಕಿನದೇ ನೋವು ಮೊದಲು ಕಾಣುತ್ತದೆ. ನನ್ನ ವಿಮೆಯ ಕಂತು ತಪ್ಪಿದ್ದಕ್ಕೆ ಯಾವ ಸುತ್ತೋಲೆ ಉತ್ತರ ಕೊಡುತ್ತದೆ?

ಹಳ್ಳಿಮನೆ
ನನಗೂ ಇದೇ ಅನ್ಯಾಯ ಆಗಿತ್ತು. ನಮ್ಮ ತಂದೆಯವರ ಖಾತೆಯಿಂದ ಮೇ ತಿಂಗಳ ಕೊನೆಯಲ್ಲಿ ₹436, ಅದರ ಜೊತೆಗೆ ₹20 ಕಡಿತವಾಯಿತು. ಮಿನಿಮಮ್ ಬ್ಯಾಲೆನ್ಸ್ ಇಲ್ಲವೆಂದು ಹಾಕಿದ್ದಾರೆ ಎಂದು ನಾವು ಹೋಗಿ ಜಗಳವಾಡಿದೆವು. ಒಂದು ಫಾರಂ ತುಂಬಿಸಿಕೊಂಡು ಮುಂದಿನ ವರ್ಷದಿಂದ ನಿಲ್ಲಿಸಿದರು. ಬ್ಯಾಂಕಿನ ಮುಂದೆ ಗಟ್ಟಿಯಾಗಿ ನಿಂತರೆ ಕೆಲಸ ಆಗುತ್ತದೆ.

ಬೆಣ್ಣೆನಗರಿ
ಹಳ್ಳಿಮನೆ ಅವರೇ, ₹436 ಜೀವನ ಜ್ಯೋತಿ ವಿಮೆಯ ಕಂತು, ₹20 ಸುರಕ್ಷಾ ವಿಮೆಯ ಕಂತು. ಎರಡೂ ದಂಡವಲ್ಲ. ನಿಲ್ಲಿಸಿದ್ದೀರೆಂದರೆ ನಿಮ್ಮ ತಂದೆಯವರ ವಿಮೆಯೇ ನಿಂತಿದೆ. ವಯಸ್ಸು ಮೀರದಿದ್ದರೆ ಮತ್ತೆ ಮಾಡಿಸಿ.

ಹಳ್ಳಿಮನೆ
ವಿಮೆ ಬೇಕೆಂದು ತಂದೆಯವರು ಎಂದೂ ಕೇಳಿರಲಿಲ್ಲ. ಕೇಳದೆ ಕತ್ತರಿಸಿದರೆ ಅದು ದಂಡವೇ ಇರಲಿ ವಿಮೆಯೇ ಇರಲಿ, ನಮ್ಮ ಪಾಲಿಗೆ ಒಂದೇ. ನಿಮಗೆ ಹಣ ವಾಪಸ್ ಬಂತೆಂದು ಉಳಿದವರಿಗೆ ಪಾಠ ಹೇಳಬೇಕಾಗಿಲ್ಲ.

ತುಂಗಾತೀರ
ಮೂಲ ವಿಷಯಕ್ಕೆ ಬರೋಣ. ಬ್ಯಾಂಕ್ ಒಪ್ಪದಿದ್ದರೆ ಮುಂದೇನು ಎಂಬುದನ್ನು ನಮ್ಮ ಅತ್ತೆಯವರ ಪ್ರಕರಣದಿಂದ ಹೇಳುತ್ತೇನೆ, ಏಕೆಂದರೆ ಅಲ್ಲಿ ನಾವು ಬಹಳ ಕಾಲ ಕಳೆದುಕೊಂಡೆವು. ಅವರ ಖಾತೆಯಿಂದ ವರ್ಷವಿಡೀ ದಂಡ ಹೋಗಿತ್ತು. ಬ್ಯಾಂಕಿಗೆ ಕೊಟ್ಟ ದೂರಿಗೆ "ನಿಯಮದಂತೆ ಕಡಿತವಾಗಿದೆ" ಎಂಬ ಒಂದು ಸಾಲಿನ ಉತ್ತರ ಬಂತು. ನಮ್ಮ ಮನೆಯವರ ಪರಿಚಯದ ವಕೀಲರೊಬ್ಬರು ತಮ್ಮ ಲೆಟರ್‌ಹೆಡ್ಡಿನಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಬರೆದರು. ಅದನ್ನು ವಿಚಾರಣೆಗೇ ತೆಗೆದುಕೊಳ್ಳಲಿಲ್ಲ. 2021ರ ನವೆಂಬರ್ 12ರಂದು ಬಂದ ಏಕೀಕೃತ ಒಂಬುಡ್ಸ್‌ಮನ್ ಯೋಜನೆಯಲ್ಲಿ ವಕೀಲರ ಮೂಲಕ ಸಲ್ಲಿಸಿದ ದೂರನ್ನು ಸ್ವೀಕರಿಸುವುದಿಲ್ಲ. ಖಾತೆದಾರರೇ ಸಲ್ಲಿಸಬೇಕು, ಇಲ್ಲವೇ ವಕೀಲರಲ್ಲದ ಒಬ್ಬರಿಗೆ ಅಧಿಕಾರಪತ್ರ ಕೊಟ್ಟು ಸಲ್ಲಿಸಬೇಕು.

ಎರಡನೆಯ ಸಲ ಅತ್ತೆಯವರ ಹೆಸರಿನಲ್ಲೇ cms.rbi.org.in ತಾಣದಲ್ಲಿ ದೂರು ಹಾಕಿದೆ. ಆ ದೂರಿನ ಮಾತುಗಳ ಬಗ್ಗೆ ಇಲ್ಲಿ ಗಮನವಿರಲಿ. ದಂಡ ಹೆಚ್ಚಾಯಿತು, ಅತ್ತೆಯವರು ಬಡವರು, ಇದು ಅನ್ಯಾಯ ಎಂದಷ್ಟೇ ಬರೆದರೆ ಅದು ಬ್ಯಾಂಕಿನ ವ್ಯವಹಾರದ ತೀರ್ಮಾನಕ್ಕೆ ಸೇರಿದ್ದೆಂದು ಬದಿಗಿಡಬಹುದು. ನೋಟಿಸ್ ಕೊಡದೆ, ತಿಂಗಳ ಅವಕಾಶ ಕೊಡದೆ ಕಡಿತ ಮಾಡಿ ರಿಸರ್ವ್ ಬ್ಯಾಂಕಿನ ನಿರ್ದೇಶನ ಮೀರಿದ್ದಾರೆ ಎಂದು ಬರೆದರೆ ಅದು ಸೇವೆಯಲ್ಲಿನ ಲೋಪವಾಗುತ್ತದೆ. ನಾನು ಸುತ್ತೋಲೆಯ ದಿನಾಂಕ, ಪ್ರತಿ ಕಡಿತದ ದಿನಾಂಕ, ನೋಟಿಸ್ ಕಳುಹಿಸಿದ ಸಾಕ್ಷ್ಯ ಕೇಳಿ ಬರೆದ ಪತ್ರ, ಬ್ಯಾಂಕಿನ ಒಂದು ಸಾಲಿನ ಉತ್ತರ, ಇಷ್ಟನ್ನೇ ಲಗತ್ತಿಸಿದೆ. ಆಮೇಲೆ ಬ್ಯಾಂಕಿನವರೇ ಫೋನ್ ಮಾಡಿ ಹಣ ಜಮೆ ಮಾಡಿದರು. "ಸದ್ಭಾವನೆಯಿಂದ" ಎಂಬ ಪದ ಸೇರಿಸಿದರು, ತಪ್ಪೆಂದು ಒಪ್ಪಲಿಲ್ಲ. ಆ ಪದ ನನಗೆ ಇಂದಿಗೂ ನೋವು ಕೊಡುತ್ತದೆ.

ಬ್ಯಾಂಕಿಗೆ ಮೊದಲು ಬರವಣಿಗೆಯಲ್ಲಿ ದೂರು ಕೊಡದೆ ನೇರವಾಗಿ ಅಲ್ಲಿಗೆ ಹೋದರೆ ದೂರು ವಾಪಸಾಗುತ್ತದೆ. ಬ್ಯಾಂಕ್ ಉತ್ತರಿಸದಿದ್ದರೆ 30 ದಿನ ಕಾಯಬೇಕು. ಅದೇ ವಿಷಯಕ್ಕೆ ಗ್ರಾಹಕರ ಆಯೋಗದಲ್ಲಿ ಪ್ರಕರಣ ಹೂಡಿದ್ದರೆ ಒಂಬುಡ್ಸ್‌ಮನ್ ಕೈಹಾಕುವುದಿಲ್ಲ.

ಗುಮ್ಮಟನಗರಿ
ಖಾತೆ ಮುಚ್ಚುವಾಗ ನನಗಾದ ಇನ್ನೊಂದು ತೊಂದರೆಯನ್ನೂ ಹೇಳಬೇಕು. ಖಾತೆಯಲ್ಲಿ ಶೂನ್ಯ ಎಂದು ತೋರಿಸುತ್ತಿತ್ತು. ಆದರೆ ಹಿಂದಿನ ತಿಂಗಳುಗಳ ದಂಡ ವಸೂಲಾಗದೆ ಉಳಿದಿದೆ ಎಂದು ಬೇರೆಡೆ ಬರೆದಿಟ್ಟಿದ್ದರು. ₹2,000 ಹಾಕಿದ ಕೂಡಲೇ ₹1,770 ಎಳೆದುಕೊಂಡರು. ಬ್ಯಾಲೆನ್ಸ್ ಸೊನ್ನೆಗಿಂತ ಕೆಳಗೆ ಹೋಗಬಾರದು ಎಂದು ಅದೇ ಸುತ್ತೋಲೆ ಹೇಳುತ್ತದೆ. ಹಾಗಾದರೆ ಇದು ಏನು?

ಕರಾವಳಿ ನಿವೃತ್ತ
ದಂಡ ಹಾಕಿದ್ದರಿಂದಲೇ ಖಾತೆ ಋಣಕ್ಕೆ ಹೋಗಬಾರದು ಎಂಬುದು ನಿಜ, ನಿಮ್ಮ ಖಾತೆ ಋಣಕ್ಕೆ ಹೋಗಲಿಲ್ಲವಲ್ಲ. ವಸೂಲಿ ಬಾಕಿಯನ್ನು ಹೋಲ್ಡ್ ಎಂದು ಗುರುತಿಟ್ಟು, ಹಣ ಬಂದಾಗ ತೆಗೆದುಕೊಳ್ಳುವುದು ರೂಢಿಯಲ್ಲಿದೆ.

ತುಂಗಾತೀರ
ರೂಢಿಯಲ್ಲಿದೆ ಎಂದ ಮಾತ್ರಕ್ಕೆ ಸರಿಯಾಗುವುದಿಲ್ಲ, ಸರ್. ಖಾತೆಯ ಮೇಲೆ ಬರೆಯಬಾರದೆಂದ ಋಣವನ್ನು ಇನ್ನೊಂದು ಪುಟದಲ್ಲಿ ಬರೆದಿಟ್ಟು ವಸೂಲು ಮಾಡಿದರೆ ಆ ನಿಯಮಕ್ಕೆ ಅರ್ಥವೇ ಉಳಿಯುವುದಿಲ್ಲ. ಎರಡು ವರ್ಷ ಗ್ರಾಹಕರ ವಹಿವಾಟಿಲ್ಲದೆ ನಿಷ್ಕ್ರಿಯವಾದ ಖಾತೆಗೆ ದಂಡ ಹಾಕಲೇಬಾರದು ಎಂದು ಸ್ಪಷ್ಟವಾಗಿ ಹೇಳಿದ್ದಾರೆ. ಹೋಲ್ಡ್ ಬಗ್ಗೆಯೂ ಹಾಗೆಯೇ ಸ್ಪಷ್ಟವಾಗಿ ಹೇಳಲಿ ಎಂಬುದು ನನ್ನ ಬೇಡಿಕೆ.

ಕರಾವಳಿ ನಿವೃತ್ತ
ಬೇಡಿಕೆ ನ್ಯಾಯವಾದದ್ದೇ. ಆದರೆ ಇವತ್ತು ಅರ್ಜಿ ಬರೆಯುವವರು ಅದನ್ನು ನಂಬಿ ಕೂರಬಾರದು ಎಂದಷ್ಟೇ ನಾನು ಹೇಳಿದ್ದು.

ಹೊಸಹಾದಿ
ಎಲ್ಲರಿಗೂ ಧನ್ಯವಾದಗಳು. ಇಮೇಲ್ ಹುಡುಕಿದಾಗ ಖಾತೆಯ ಬಗೆ ಬದಲಾಗಿದೆ ಎಂಬ ಒಂದು ಪತ್ರ ಸಿಕ್ಕಿತು. ಅದರಲ್ಲಿ ಹೊಸ ಮಿನಿಮಮ್ ಬ್ಯಾಲೆನ್ಸ್ ಎಷ್ಟೆಂದು ಇದೆ, ಆದರೆ ಕೊರತೆಯಾಗಿದೆ, ತಿಂಗಳೊಳಗೆ ತುಂಬಿ ಎಂಬ ಮಾತಿಲ್ಲ. ಇದನ್ನೇ ನೋಟಿಸ್ ಎಂದು ಬ್ಯಾಂಕ್ ವಾದಿಸಬಹುದೇ?

ಬೆಣ್ಣೆನಗರಿ
ವಾದಿಸುತ್ತಾರೆ. ನನ್ನ ಬಳಿಯೂ ಮೊದಲು ಹಾಗೆಯೇ ವಾದಿಸಿದ್ದರು. ಅದು ಷರತ್ತು ಬದಲಾದದ್ದನ್ನು ತಿಳಿಸುವ ಪತ್ರ, ಕೊರತೆಯ ನೋಟಿಸ್ ಬೇರೆಯದು ಎಂದು ಅರ್ಜಿಯ ಮೊದಲ ಸಾಲಿನಲ್ಲೇ ಬರೆದು, ಆ ಪತ್ರದ ಪ್ರತಿಯನ್ನು ನೀವೇ ಲಗತ್ತಿಸಿಬಿಡಿ.

ಕರಾವಳಿ ನಿವೃತ್ತ
ಅರ್ಜಿಯನ್ನು ಶಾಖೆಗೆ ಕೊಟ್ಟರೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ, ಆ್ಯಪ್‌ನಲ್ಲಿ ಕೊಟ್ಟರೆ ದೂರಿನ ಸಂಖ್ಯೆ ಬರೆದಿಡಿ. 30 ದಿನಗಳ ಲೆಕ್ಕ ಅಲ್ಲಿಂದ ಶುರುವಾಗುತ್ತದೆ.