ಊರಿನ ಆಸ್ತಿಗೆ ಬೇರೆ ವಿಲ್ ಬೇಕಾ?

ನ್ಯೂಜೆರ್ಸಿಯ ಗೆಳೆಯರೊಬ್ಬರು ಗುಂಪಿನಲ್ಲಿ ಕೇಳಿದ ಪ್ರಶ್ನೆ ಇದು. ಜಯನಗರದಲ್ಲಿ ಅವರ ಹೆಸರಿನಲ್ಲಿ ಒಂದು ಫ್ಲಾಟ್ ಇದೆ. ತಿಪಟೂರಿನ ಹತ್ತಿರ ತೆಂಗಿನ ತೋಟದಲ್ಲಿ ಒಂದು ಪಾಲಿದೆ. ಮಕ್ಕಳಿಬ್ಬರೂ ಅಮೆರಿಕದಲ್ಲೇ ಹುಟ್ಟಿದವರು, ಇನ್ನೂ ಮೈನರ್. ಇಲ್ಲಿನ ವಕೀಲರ ಹತ್ತಿರ ಗಂಡ ಹೆಂಡತಿ ವಿಲ್ ಮಾಡಿಸಿದ್ದಾರೆ, ಅದರಲ್ಲಿ "ಪ್ರಪಂಚದಲ್ಲಿ ಎಲ್ಲೇ ಇರುವ ನನ್ನ ಎಲ್ಲ ಆಸ್ತಿ" ಅಂತ ಬರೆದಿದೆ. ಅದೇ ಸಾಕಲ್ವಾ ಅಂತ ಅವರ ಪ್ರಶ್ನೆ. ಇಲ್ಲಿಗೆ ಬರುವ ಮೊದಲು ನಾನು ಬೆಂಗಳೂರಿನಲ್ಲಿ ಸಿವಿಲ್ ವಕಾಲತ್ತು ಮಾಡುತ್ತಿದ್ದೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಯಾವ ಕಾನೂನು ಅನ್ನುವುದು. ಸ್ಥಿರಾಸ್ತಿ ಎಲ್ಲಿದೆಯೋ ಅಲ್ಲಿನ ಕಾನೂನೇ ಅದಕ್ಕೆ ಅನ್ವಯ. ನೀವು ಯಾವ ದೇಶದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೂ ಜಯನಗರದ ಫ್ಲಾಟಿಗೆ ನ್ಯೂಜೆರ್ಸಿ ಕಾನೂನು ಬರುವುದಿಲ್ಲ. ಬ್ಯಾಂಕಿನ ದುಡ್ಡು, ಷೇರುಗಳಂಥ ಚರಾಸ್ತಿಗೆ ಮಾತ್ರ ನೀವು ಕಾಯಂ ನೆಲೆಸಿದ ಜಾಗದ ಕಾನೂನು ನೋಡುತ್ತಾರೆ. ವಿಲ್ ಹೇಗಿರಬೇಕು ಅನ್ನುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಸೆಕ್ಷನ್‌ನಲ್ಲಿದೆ. ಬರೆದವರು ಸಹಿ ಮಾಡಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳು ಅದನ್ನು ಕಣ್ಣಾರೆ ನೋಡಿರಬೇಕು, ಇಲ್ಲವೇ "ಇದು ನನ್ನ ಸಹಿ" ಅಂತ ಅವರ ಬಾಯಿಂದಲೇ ಕೇಳಿರಬೇಕು. ಆಮೇಲೆ ಆ ಸಾಕ್ಷಿಗಳು ಅವರ ಎದುರಿಗೇ ಸಹಿ ಹಾಕಬೇಕು. ಇಷ್ಟೇ. ಸ್ಟಾಂಪ್ ಪೇಪರ್ ಬೇಡ, ನೋಟರಿ ಬೇಡ, ನೋಂದಣಿಯೂ ಕಡ್ಡಾಯವಲ್ಲ. ನೋಟರಿಯ ಮೊಹರು ಎಷ್ಟೇ ದೊಡ್ಡದಿದ್ದರೂ ಇಬ್ಬರು ಸಾಕ್ಷಿಗಳ ಜಾಗವನ್ನು ಅದು ತುಂಬುವುದಿಲ್ಲ. (ಇದು ಹಿಂದೂ, ಕ್ರೈಸ್ತರ ಮಾತು. ಮುಸ್ಲಿಮರಿಗೆ ನಿಯಮ ಬೇರೆ, ಮೂರನೇ ಒಂದು ಭಾಗದ ಮಿತಿಯೂ ಇದೆ.)

ಹಾಗಾದರೆ ನ್ಯೂಜೆರ್ಸಿ ವಿಲ್ ಊರಿನಲ್ಲಿ ನಡೆಯುತ್ತದಾ? ಇಬ್ಬರು ಸಾಕ್ಷಿಗಳ ಎದುರು ಸಹಿ ಆಗಿದ್ದರೆ, ಕಾಗದದ ಮಟ್ಟಿಗೆ ನಡೆಯುತ್ತದೆ. ನ್ಯೂಜೆರ್ಸಿಯಲ್ಲಿ ಸಾಕ್ಷಿಯೇ ಇಲ್ಲದ ಕೈಬರಹದ ವಿಲ್ ಅನ್ನು ಕೂಡ ಕೆಲವು ಸಲ ಒಪ್ಪುತ್ತಾರೆ. ಅದು ಮಾತ್ರ ಜಯನಗರದ ಫ್ಲಾಟಿಗೆ ಉಪಯೋಗಕ್ಕೆ ಬಾರದು.

ನಿಜವಾದ ತೊಂದರೆ ಶುರುವಾಗುವುದು ಸಾಬೀತು ಮಾಡುವಾಗ. ಭಾರತದ ಕೋರ್ಟಿನಲ್ಲಿ ವಿಲ್ ಸಾಬೀತಾಗಬೇಕಾದರೆ, ಸಾಕ್ಷಿಗಳಲ್ಲಿ ಒಬ್ಬರಾದರೂ ಬದುಕಿದ್ದು ಕೈಗೆ ಸಿಗುವಂತಿದ್ದರೆ ಅವರನ್ನು ಕರೆದು ಹೇಳಿಸಲೇಬೇಕು. ವಿಲ್ ನೋಂದಣಿ ಆಗಿದ್ದರೂ ಇದರಿಂದ ವಿನಾಯಿತಿ ಇಲ್ಲ. ಇಲ್ಲಿನ ವಕೀಲರ ಆಫೀಸಿನಲ್ಲಿ ಸಾಕ್ಷಿಗಳು ಅಂದರೆ ಯಾರು? ರಿಸೆಪ್ಷನ್‌ನಲ್ಲಿ ಕೂತ ಹುಡುಗಿ, ಪಕ್ಕದ ಕೋಣೆಯ ಪ್ಯಾರಾಲೀಗಲ್. ಇಪ್ಪತ್ತು ವರ್ಷದ ಮೇಲೆ ಅವರನ್ನು ಎಲ್ಲಿಂದ ಹುಡುಕಿ ತರುತ್ತೀರಿ? ಇಲ್ಲಿನ ಕೋರ್ಟಿನಲ್ಲಿ ಪ್ರೊಬೇಟ್ ಆದ, ಅಂದರೆ ಕೋರ್ಟು ನಿಜವೆಂದು ಒಪ್ಪಿದ, ವಿಲ್‌ನ ದೃಢೀಕೃತ ಪ್ರತಿ ಇಟ್ಟು, ಭಾರತದ ಕೋರ್ಟಿನಲ್ಲಿ ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್, ಅಂದರೆ ಆಸ್ತಿ ವಿಲೇವಾರಿ ಮಾಡುವ ಅಧಿಕಾರಪತ್ರ, ಕೇಳುವ ದಾರಿ ಇದೆ, ಅದೇ ಕಾಯ್ದೆಯ 228ನೇ ಸೆಕ್ಷನ್. ಆದರೆ ಮೊದಲು ಇಲ್ಲಿ ಮುಗಿಯಬೇಕು, ಆಮೇಲೆ ಅಲ್ಲಿ ಹೊಸದಾಗಿ ಶುರು. ಕರ್ನಾಟಕದಲ್ಲಿ ಹಿಂದೂಗಳ ವಿಲ್‌ಗೆ ಪ್ರೊಬೇಟ್ ಕಡ್ಡಾಯವೇ ಅಲ್ಲದಿರುವಾಗ ಈ ಸುತ್ತು ಯಾಕೆ?

ಅದಕ್ಕೇ ನಾನು ಹೇಳುವುದು, ಭಾರತದ ಆಸ್ತಿಗೆ ಬೇರೆ ವಿಲ್ ಮಾಡಿ. ಊರಿಗೆ ಹೋದಾಗ, ಅಲ್ಲೇ ಇರುವ, ನಿಮಗಿಂತ ಚಿಕ್ಕ ವಯಸ್ಸಿನ ಇಬ್ಬರನ್ನು ಸಾಕ್ಷಿಯಾಗಿ ಕರೆದುಕೊಳ್ಳಿ. ಆಸ್ತಿ ಪಡೆಯುವವರು ಸಾಕ್ಷಿ ಆಗುವುದು ಬೇಡ, ಸುಮ್ನೆ ಅನುಮಾನಕ್ಕೆ ಜಾಗ ಕೊಟ್ಟಂತೆ. ವೀಡಿಯೊ ಕಾಲ್‌ನಲ್ಲಿ ಸಾಕ್ಷಿ ಹಾಕಿಸುವುದಂತೂ ಬೇಡವೇ ಬೇಡ. ಹಾಗೇ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ನೋಂದಣಿ ಮಾಡಿಸಿಬಿಡಿ. ಬದುಕಿರುವಾಗ ನೋಂದಣಿಗೆ ಬರೆದವರೇ ಖುದ್ದು ಹೋಗಬೇಕು, ತಮ್ಮನಿಗೆ ಜಿಪಿಎ ಕೊಟ್ಟು ಮಾಡಿಸಲು ಆಗುವುದಿಲ್ಲ. ಆಸ್ತಿ ಇರುವ ಊರಿನ ಕಚೇರಿಯೇ ಆಗಬೇಕೆಂದಿಲ್ಲ. ನೋಂದಣಿಯಿಂದ ವಿಲ್ ಸಾಬೀತಾಗುವುದಿಲ್ಲ, ನಿಜ. ಆದರೆ ಮೂಲ ಪ್ರತಿ ಕಳೆದರೂ ಕಚೇರಿಯಲ್ಲಿ ದಾಖಲೆ ಉಳಿಯುತ್ತದೆ. "ಇದು ಆಮೇಲೆ ಹುಟ್ಟಿಸಿದ ಕಾಗದ" ಅನ್ನುವ ವಾದದ ಬಲವೂ ಕುಗ್ಗುತ್ತದೆ.

ಈಗ ಎರಡು ವಿಲ್ ಆಯಿತು. ಅಪಾಯ ಇರುವುದೂ ಅಲ್ಲೇ. ಅಮೆರಿಕದ ವಿಲ್‌ಗಳ ಮೊದಲ ಸಾಲಿನಲ್ಲೇ ಸಾಮಾನ್ಯವಾಗಿ "ಹಿಂದಿನ ಎಲ್ಲ ವಿಲ್‌ಗಳನ್ನು ರದ್ದು ಮಾಡುತ್ತೇನೆ" ಅಂತ ಇರುತ್ತದೆ. ನಮ್ಮ ಗೆಳೆಯರು ಈ ಡಿಸೆಂಬರ್‌ನಲ್ಲಿ ಊರಿನಲ್ಲಿ ವಿಲ್ ಮಾಡಿ, ಐದು ವರ್ಷದ ನಂತರ ಇಲ್ಲಿ ಮನೆ ಬದಲಿಸಿದಾಗ ಹೊಸ ಅಮೆರಿಕನ್ ವಿಲ್ ಮಾಡಿದರು ಅಂದುಕೊಳ್ಳಿ. ಆ ಒಂದು ಸಾಲು ಊರಿನ ವಿಲ್ ಅನ್ನೂ ಅಳಿಸಿಹಾಕಬಹುದು. ನೋಂದಣಿ ಆಗಿದ್ದರೂ ಅಷ್ಟೇ, ನೋಂದಣಿಯಾಗದ ನಂತರದ ವಿಲ್ ಅದನ್ನು ರದ್ದು ಮಾಡಬಲ್ಲದು. ಹಾಗಾಗಿ ಊರಿನ ವಿಲ್‌ನಲ್ಲಿ "ಇದು ಭಾರತದಲ್ಲಿರುವ ನನ್ನ ಆಸ್ತಿಗೆ ಮಾತ್ರ, ಭಾರತದ ಹೊರಗಿನ ಆಸ್ತಿಯ ವಿಲ್‌ಗೆ ಇದರಿಂದ ಬಾಧೆ ಇಲ್ಲ" ಅಂತ ಬರೆಸಿ. ಇಲ್ಲಿನ ವಿಲ್‌ನಲ್ಲಿ ಇದಕ್ಕೆ ತಿರುಗುಮುರುಗು ಮಾತು ಬರೆಸಿ. ಗೆಳೆಯರ ಈಗಿನ ವಿಲ್‌ನಲ್ಲಿ "ಎಲ್ಲೇ ಇರುವ ಆಸ್ತಿ" ಅಂತ ಇದೆಯಲ್ಲ, ಅದನ್ನೂ ತಿದ್ದಿಸಬೇಕು.

ಇನ್ನು ತೋಟ. ಫ್ಲಾಟ್ ಅವರ ಸ್ವಂತ ಸಂಪಾದನೆ, ಯಾರಿಗೆ ಬೇಕಾದರೂ ಬರೆಯಬಹುದು. ತೋಟದ ವಿಷಯದಲ್ಲಿ ಪಹಣಿಯಲ್ಲಿರುವ ಹೆಸರೊಂದನ್ನೇ ನೋಡಿದರೆ ಸಾಲದು, ಅದು ಹೇಗೆ ಬಂತು ಅನ್ನುವುದು ಮುಖ್ಯ. ಅಪ್ಪ ಸ್ವಂತ ದುಡ್ಡಿನಲ್ಲಿ ಕೊಂಡು, 1956ರ ನಂತರ ವಿಲ್ ಇಲ್ಲದೆ ತೀರಿಹೋಗಿ ಮಗನಿಗೆ ಬಂದ ಪಾಲಾದರೆ ಅದು ಅವನ ಸ್ವಂತದ್ದೇ. ತಾತನ ಕಾಲದ ಜಮೀನು ವಿಭಾಗವಾಗಿ ಪಾಲುಪಟ್ಟಿಯಲ್ಲಿ ಬಂದಿದ್ದರೆ, ಅದರಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿರುತ್ತದೆ. 2005ರ ತಿದ್ದುಪಡಿಯ ನಂತರ ಮಗಳಿಗೂ ಅಷ್ಟೇ ಹಕ್ಕು. ಆಗ ವಿಲ್‌ನಲ್ಲಿ ಬರೆಯಬಹುದಾದದ್ದು ತನ್ನ ಪಾಲನ್ನು ಮಾತ್ರ. ಇನ್ನೂ ವಿಭಾಗವೇ ಆಗದೆ ಅಣ್ಣತಮ್ಮಂದಿರ ಜೊತೆ ಜಂಟಿಯಾಗಿದ್ದರೆ, ಸರ್ವೆ ನಂಬರ್ ಹಾಕಿ "ಈ ಎರಡು ಎಕರೆ ನನ್ನ ಮಗಳಿಗೆ" ಅಂತ ಬರೆಯಬೇಡಿ. "ಈ ಸರ್ವೆ ನಂಬರಿನಲ್ಲಿ ನನಗೆ ಬರುವ ಪಾಲು" ಅಂತ ಬರೆಯಿರಿ. ಮುಂದೆ ಖಾತೆ ಬದಲಾವಣೆಗೆ ಹೋದಾಗ ಚಿಕ್ಕಪ್ಪ ತಕರಾರು ಹಾಕಿದರೆ, ವಿಲ್ ನಿಜವೋ ಸುಳ್ಳೋ ಅಂತ ತಹಶೀಲ್ದಾರರು ತೀರ್ಮಾನಿಸುವುದಿಲ್ಲ, ಸಿವಿಲ್ ಕೋರ್ಟಿಗೆ ಹೋಗಿ ಅನ್ನುತ್ತಾರೆ.

ಮಕ್ಕಳ ವಿಷಯ ಕೊನೆಗೆ. ಎನ್‌ಆರ್‌ಐ ಆಗಲಿ ಒಸಿಐ ಆಗಲಿ ಕೃಷಿ ಜಮೀನು ಕೊಳ್ಳುವಂತಿಲ್ಲ, ಆದರೆ ವಾರಸಿನಿಂದ ಬಂದರೆ ಇಟ್ಟುಕೊಳ್ಳಬಹುದು. ಮಾರುವಾಗ ಭಾರತದಲ್ಲಿ ವಾಸವಿರುವವರಿಗೇ ಮಾರಬೇಕು. ಹಾಗಾಗಿ ಮಕ್ಕಳಿಬ್ಬರಿಗೂ ಒಸಿಐ ಕಾರ್ಡ್ ಇದೆಯಾ ನೋಡಿ, ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಒಸಿಐ ಇಲ್ಲದ ಅಮೆರಿಕನ್ ಮಗುವಿಗೆ, ಹೊರದೇಶದಲ್ಲೇ ನೆಲೆಸಿದ ಅಪ್ಪನಿಂದ ಜಮೀನು ಬರುವ ದಾರಿ ಅಷ್ಟು ಸಲೀಸಲ್ಲ. ಮೈನರ್ ಹೆಸರಿಗೆ ಫ್ಲಾಟ್ ನೇರವಾಗಿ ಬಂದರೆ ತಾಯಿಗೂ ಅದನ್ನು ಮಾರಲು ಕೋರ್ಟಿನ ಅನುಮತಿ ಬೇಕು. ನಮ್ಮ ಗೆಳೆಯರಿಗೆ ನಾನು ಹೇಳಿದ್ದು ಹೀಗೆ: ಫ್ಲಾಟ್ ಮೊದಲು ಹೆಂಡತಿಗೆ ಅಂತ ಬರೆಯಿರಿ, ಅವರು ನಿಮಗಿಂತ ಮೊದಲೇ ತೀರಿಕೊಂಡಿದ್ದರೆ ಮಾತ್ರ ಮಕ್ಕಳಿಗೆ. ಇಬ್ಬರೂ ಒಟ್ಟಿಗೇ ಹೋದರೆ ಮಕ್ಕಳಿಗೆ ಇಪ್ಪತ್ತೊಂದು ಆಗುವವರೆಗೆ ನೋಡಿಕೊಳ್ಳಲು ಬೆಂಗಳೂರಿನಲ್ಲಿರುವ ಅಕ್ಕನನ್ನು ಟ್ರಸ್ಟಿಯಾಗಿ ಹೆಸರಿಸಿ, ಮಾರುವ ಅಧಿಕಾರವನ್ನೂ ಅವರಿಗೆ ಸ್ಪಷ್ಟವಾಗಿ ಕೊಡಿ. ಮಕ್ಕಳನ್ನು ಸಾಕುವವರು ಯಾರು ಅನ್ನುವುದನ್ನು ಮಾತ್ರ ನ್ಯೂಜೆರ್ಸಿ ವಿಲ್‌ನಲ್ಲೇ ಬರೆಯಬೇಕು, ಯಾಕಂದರೆ ಅದನ್ನು ತೀರ್ಮಾನಿಸುವುದು ಇಲ್ಲಿನ ಕೋರ್ಟು.