ಎಕ್ಸ್-ರೇ ಸರಿಯಿದೆ, ನೋವೂ ಇಳಿದಿದೆ, ಆದರೂ ತಿರುಗಿದಾಗ ಮೊಣಕಾಲು ಕುಸಿಯುತ್ತದೆ

ಹಿಂದಂಕಣ:
ಬ್ಯಾಡ್ಮಿಂಟನ್ ಆಡುವಾಗ ಎಡ ಮೊಣಕಾಲಿಗೆ ಪೆಟ್ಟಾಗಿ ಹಲವು ವಾರಗಳಾದವು. ಎಕ್ಸ್-ರೇಯಲ್ಲಿ ಮೂಳೆ ಮುರಿದಿಲ್ಲ. ಮರುದಿನವೇ ಪರೀಕ್ಷಿಸಿದ ವೈದ್ಯರು ಲಿಗಮೆಂಟ್ ಕೂಡ ಗಟ್ಟಿಯಾಗಿದೆ ಎಂದು ಹೇಳಿ ವಿಶ್ರಾಂತಿ ಸೂಚಿಸಿದರು. ಅವರು ಹೇಳಿದ್ದನ್ನೆಲ್ಲ ಮಾಡಿದ್ದೇನೆ. ನೇರವಾಗಿ ನಡೆಯಲು, ಮೆಟ್ಟಿಲು ಹತ್ತಲು ಯಾವ ತೊಂದರೆಯೂ ಇಲ್ಲ. ಆದರೆ ಅಂಕಣಕ್ಕಿಳಿದು ಪಕ್ಕಕ್ಕೆ ತಿರುಗಿದ ಕೂಡಲೇ ಮೇಲಿನ ಮೂಳೆ ಒಂದು ಕಡೆ, ಕೆಳಗಿನ ಮೂಳೆ ಇನ್ನೊಂದು ಕಡೆ ಸರಿದಂತಾಗಿ ಕುಸಿಯುತ್ತೇನೆ. ಎಲ್ಲವೂ ಸರಿಯಿದೆ ಎಂದ ಮೇಲೂ ಹೀಗೇಕೆ ಆಗುತ್ತಿದೆ ಎಂದು ತಿಳಿಯದೆ ಬೇಸತ್ತಿದ್ದೇನೆ. ತೊಡೆಯ ಸ್ನಾಯು ಸೊರಗಿರುವುದೇ ಕಾರಣವಾಗಿದ್ದರೆ ಯಾವ ವ್ಯಾಯಾಮ ಮಾಡಬೇಕು?

ದೂರದೋಟ:
ಇದು ಮೆನಿಸ್ಕಸ್, ಅಂದರೆ ಮಂಡಿಯ ಎರಡು ಮೂಳೆಗಳ ನಡುವಿನ ಮೆತ್ತೆಯಂಥ ಮೃದ್ವಸ್ಥಿ, ಹರಿದಿರುವ ಲಕ್ಷಣ. ಪಾದ ನೆಲಕ್ಕೆ ಊರಿದ್ದು, ಮಂಡಿ ಬಾಗಿರುವಾಗ ಮೈ ತಿರುಗಿದರೆ ತೊಡೆಮೂಳೆಯ ಗುಂಡನೆಯ ತುದಿಗೂ ಕೆಳಗಿನ ಮೂಳೆಗೂ ನಡುವೆ ಮೆನಿಸ್ಕಸ್ ಸಿಲುಕಿ ಸೀಳುತ್ತದೆ. ನೇರ ನಡಿಗೆಯಲ್ಲಿ ಸುಮ್ಮನಿದ್ದು ತಿರುಗುವಾಗ ಮಾತ್ರ ಕಾಡುವುದಕ್ಕೆ ಅದೇ ಕಾರಣ. ಮಂಡಿಯನ್ನು ಬಾಗಿಸಿ, ಎರಡು ಮೂಳೆಗಳು ಸೇರುವ ಗೆರೆಯ ಉದ್ದಕ್ಕೂ ಬೆರಳಿನಿಂದ ಒತ್ತಿ ನೋಡಿ.

ಹಿಂದಂಕಣ:
ಒತ್ತಿ ನೋಡಿದೆ. ಹೊರಬದಿಯ ಗೆರೆಯಲ್ಲಿ, ಸ್ವಲ್ಪ ಹಿಂದಕ್ಕೆ, ನೋಯುತ್ತದೆ.

ದೂರದೋಟ:
ಹಾಗಿದ್ದರೆ ಅನುಮಾನವೇ ಬೇಡ. ಹೊರಬದಿಯ ಮೆನಿಸ್ಕಸ್ ಹರಿದಿದೆ.

ಕೀಲುಫಿಸಿಯೊ:
ಅಷ್ಟು ಬೇಗ ತೀರ್ಮಾನಿಸುವುದು ಬೇಡ. ಒತ್ತಿದಾಗ ನೋಯುವುದು ಒಂದು ಸುಳಿವು ಮಾತ್ರ. ಪೆಟ್ಟು ಬಿದ್ದ ಗಳಿಗೆಯ ವಿವರ ಅದಕ್ಕಿಂತ ಹೆಚ್ಚನ್ನು ಹೇಳುತ್ತದೆ. ನೀವು ಯಾವ ಕೈಯಲ್ಲಿ ಆಡುತ್ತೀರಿ, ಯಾವ ಹೊಡೆತ ಹೊಡೆದು ಹೇಗೆ ಇಳಿದಿರಿ, ಒಳಗಿನಿಂದ ಸದ್ದು ಬಂತೇ, ಬಾವು ಎಷ್ಟು ಹೊತ್ತಿಗೆ ಬಂತು ಎಂಬುದನ್ನು ದಯವಿಟ್ಟು ತಿಳಿಸಿ. ಕಾಲು ಪೂರ್ತಿ ನೀಳವಾಗದೆ ನಡುವೆಯೇ ಸಿಕ್ಕಿಬಿದ್ದದ್ದು ಉಂಟೇ ಎಂಬುದೂ ಬೇಕು, ಏಕೆಂದರೆ ಮಂಡಿ ಸಿಕ್ಕಿಕೊಳ್ಳುವುದೂ ಕುಸಿಯುವುದೂ ಬೇರೆ ಬೇರೆ.

ಹಿಂದಂಕಣ:
ಬಲಗೈ ಆಟಗಾರ. ಎಡ ಹಿಂಬದಿಯ ಮೂಲೆಗೆ ಬಂದ ಎತ್ತರದ ಷಟಲ್ಲನ್ನು ಹಿಂದಕ್ಕೆ ಜಿಗಿದು ತಲೆಯ ಮೇಲಿಂದ ಹೊಡೆದು, ಎಡಗಾಲೊಂದರ ಮೇಲೆಯೇ ಇಳಿದೆ. ಮಂಡಿ ಒಳಕ್ಕೆ ವಾಲಿತು, ಟಪ್ಪೆಂದು ಸದ್ದಾಯಿತು, ಮತ್ತೆ ಆಡಲಾಗಲಿಲ್ಲ. ಮನೆ ಸೇರುವಷ್ಟರಲ್ಲಿ, ಅಂದರೆ ಎರಡು ಗಂಟೆಯೊಳಗೆ, ಚಿಪ್ಪಿನ ಆಕಾರವೇ ಕಾಣದಷ್ಟು ಊದಿಕೊಂಡಿತ್ತು. ಕಾಲು ಸಿಕ್ಕಿಬಿದ್ದದ್ದಿಲ್ಲ. ಬಾವು ಎಲ್ಲ ಪೆಟ್ಟಿಗೂ ಬರುವಂಥದ್ದೆಂದು ಮೊದಲು ಬರೆಯಲಿಲ್ಲ.

ಗೋಲಿನಮುಂದೆ:
ನನಗೂ ಇದೇ ಆಗಿತ್ತು. ಫುಟ್‌ಬಾಲ್ ಆಡುವಾಗ ಎದುರಾಳಿ ನನ್ನ ಮಂಡಿಯ ಹೊರಬದಿಗೆ ಬಂದು ಬಿದ್ದ, ಒಳಬದಿ ವಿಪರೀತ ನೋಯುತ್ತಿತ್ತು. ಒಳಬದಿಯ ಲಿಗಮೆಂಟಾದ ಎಂಸಿಎಲ್ ಹರಿದಿದೆ ಎಂದರು. ಶಸ್ತ್ರಚಿಕಿತ್ಸೆ ಇಲ್ಲದೆ ಬರಿಯ ಪಟ್ಟಿಯಲ್ಲೇ ವಾಸಿಯಾಯಿತು. ನೀವೂ ಒಳ್ಳೆಯ ಪಟ್ಟಿ ಕಟ್ಟಿ ಕಾಯಿರಿ.

ದೂರದೋಟ:
ಎಳೆಯುವ ಬಟ್ಟೆಯ ಪಟ್ಟಿ ಬಿಸುಪು ಕೊಡುತ್ತದೆಯೇ ಹೊರತು ಮಂಡಿಯನ್ನು ಹಿಡಿದಿಡುವುದಿಲ್ಲ. ಎರಡೂ ಬದಿ ಕೀಲಿರುವ ಬ್ರೇಸ್ ಬೇಕು.

ಗೋಲಿನಮುಂದೆ:
ನಾನು ಹೇಳಿದ್ದೂ ಕೀಲಿರುವ ಬ್ರೇಸನ್ನೇ. ಬಟ್ಟೆಯ ಪಟ್ಟಿ ಎಂದು ಎಲ್ಲಿಯೂ ಬರೆದಿಲ್ಲ.

ಕೀಲುಫಿಸಿಯೊ:
ಬ್ರೇಸಿನ ಮಾತು ಆಮೇಲೆ ಆಡೋಣ. ಇಬ್ಬರ ಪೆಟ್ಟೂ ಒಂದೇ ಅಲ್ಲ. ಹೊರಬದಿಯಿಂದ ಹೊಡೆತ ಬಿದ್ದು ಮಂಡಿ ಒಳಕ್ಕೆ ಬಾಗಿದಾಗ ಒಳಬದಿಯ ಎಂಸಿಎಲ್ ಎಳೆದು ಹರಿಯುತ್ತದೆ. ಅದು ಕೀಲಿನ ಒಳಗಿನ ದ್ರವದಿಂದ ಹೊರಗಿರುವ ಅಗಲವಾದ ಪಟ್ಟಿ. ಸುತ್ತಲೂ ರಕ್ತಸಂಚಾರ ಚೆನ್ನಾಗಿರುವುದರಿಂದ ಹರಿದ ತುದಿಗಳ ನಡುವೆ ರಕ್ತ ಹೆಪ್ಪುಗಟ್ಟಿ, ಅದೇ ಮುಂದೆ ಗಾಯ ಕೂಡುವುದಕ್ಕೆ ಆಧಾರವಾಗುತ್ತದೆ. ಎಸಿಎಲ್ ಎಂಬ ಇನ್ನೊಂದು ಲಿಗಮೆಂಟ್ ಕೀಲಿನ ನಡುವೆ ಓರೆಯಾಗಿ ಹಾದುಹೋಗುತ್ತದೆ, ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ ಹಿಡಿಯುತ್ತದೆ. ಅದು ಪೂರ್ತಿ ಹರಿದರೆ ಕೀಲಿನ ದ್ರವದಲ್ಲಿ ಆ ಹೆಪ್ಪು ನಿಲ್ಲುವುದಿಲ್ಲ, ತುದಿಗಳು ತಾವಾಗಿ ಕೂಡುವುದು ಅಪರೂಪ. ಆದ್ದರಿಂದ ಒಬ್ಬರಿಗೆ ವಾಸಿಯಾದ ಹಾದಿ ಇನ್ನೊಬ್ಬರಿಗೆ ಹೊಂದುವುದಿಲ್ಲ.

ಈಗ ಹಿಂದಂಕಣ ಅವರ ವಿಷಯ. ರ‍್ಯಾಕೆಟ್ ಹಿಡಿಯದ ಬದಿಯ ಕಾಲಿನ ಮೇಲೆ, ಹಿಂಗೈ ಮೂಲೆಯಲ್ಲಿ, ಮೈ ಹಿಂದಕ್ಕೆ ವಾಲಿರುವಾಗ ಒಂಟಿಕಾಲಲ್ಲಿ ಇಳಿಯುವುದು ಬ್ಯಾಡ್ಮಿಂಟನ್ನಿನಲ್ಲಿ ಎಸಿಎಲ್ ಹರಿಯುವ ಚಿರಪರಿಚಿತ ರೀತಿ; ಯಾರೂ ತಾಗಬೇಕಾಗಿಲ್ಲ. ಎರಡು ಗಂಟೆಯೊಳಗೆ ಊದಿದ್ದು ಕೀಲಿನೊಳಗೆ ರಕ್ತ ಸೋರಿದ್ದನ್ನು ತೋರಿಸುತ್ತದೆ. ಮೆನಿಸ್ಕಸ್ಸಿನ ಒಳಭಾಗಕ್ಕೆ ರಕ್ತನಾಳಗಳೇ ಇಲ್ಲದ ಕಾರಣ ಅಲ್ಲಿ ಮಾತ್ರ ಹರಿದಿದ್ದರೆ ಬಾವು ಸಾಮಾನ್ಯವಾಗಿ ಮರುದಿನದ ಹೊತ್ತಿಗೆ ನಿಧಾನವಾಗಿ ಬರುತ್ತದೆ. ಹೊರ ಅಂಚು ಹರಿದರೂ, ಚಿಪ್ಪು ಜಾರಿದರೂ, ಮೂಳೆ ಬಿರಿದರೂ ಬೇಗ ಊದಬಹುದು. ಆದರೂ ಟಪ್ಪೆಂಬ ಸದ್ದು, ತಕ್ಷಣದ ಬಾವು, ತಿರುಗುವಾಗ ಕುಸಿತ ಮೂರೂ ಕೂಡಿದಾಗ ಮೊದಲು ಎಸಿಎಲ್ ಅನ್ನೇ ನೋಡಬೇಕು.

ದೂರದೋಟ:
ಆದರೆ ಲಿಗಮೆಂಟ್ ಗಟ್ಟಿಯಾಗಿದೆ ಎಂದು ವೈದ್ಯರೇ ಹೇಳಿದ್ದಾರಲ್ಲ? ಗೆರೆಯಲ್ಲಿ ನೋವೂ ಇದೆ. ಎಲ್ಲವನ್ನೂ ಮೆನಿಸ್ಕಸ್ ಒಂದರಿಂದಲೇ ವಿವರಿಸಬಹುದು.

ಕೀಲುಫಿಸಿಯೊ:
ಅಂದು ಹೇಗೆ ಪರೀಕ್ಷಿಸಿದರು?

ಹಿಂದಂಕಣ:
ಮಂಡಿಯನ್ನು 90 ಡಿಗ್ರಿ ಬಾಗಿಸಿ, ಪಾದದ ಮೇಲೆ ಕುಳಿತು ಕಾಲನ್ನು ಮುಂದಕ್ಕೆ ಎಳೆದರು. ನೋವಿನಿಂದ ನಾನು ಕಾಲನ್ನು ಬಿಗಿಹಿಡಿದಿದ್ದೆ.

ಕೀಲುಫಿಸಿಯೊ:
ಆ ಪರೀಕ್ಷೆ ಊದಿದ ಮಂಡಿಯಲ್ಲಿ ಸುಲಭವಾಗಿ ದಾರಿ ತಪ್ಪಿಸುತ್ತದೆ. ಅಷ್ಟು ಬಾಗಿದಾಗ ತೊಡೆಯ ಹಿಂಬದಿಯ ಸ್ನಾಯುಗಳು ಕೆಳಗಿನ ಮೂಳೆಯನ್ನು ಹಿಂದಕ್ಕೆ ಎಳೆಯುವ ಸ್ಥಿತಿಯಲ್ಲಿರುತ್ತವೆ. ನೋವಿಗೆ ಅವು ಸೆಟೆದುಕೊಂಡರೆ ಲಿಗಮೆಂಟ್ ಹರಿದಿದ್ದರೂ ಮೂಳೆ ಮುಂದಕ್ಕೆ ಬರುವುದಿಲ್ಲ. ಈಗ ಬಾವು ಇಳಿದಿದೆ. ಲ್ಯಾಕ್‌ಮನ್ ಪರೀಕ್ಷೆ ಮಾಡಿಸಿ: ಮಂಡಿಯನ್ನು 20ರಿಂದ 30 ಡಿಗ್ರಿ ಮಾತ್ರ ಬಾಗಿಸಿ, ಒಂದು ಕೈಯಲ್ಲಿ ತೊಡೆಯನ್ನು ಹಿಡಿದು ಇನ್ನೊಂದು ಕೈಯಲ್ಲಿ ಕೆಳಗಿನ ಮೂಳೆಯನ್ನು ಮುಂದಕ್ಕೆ ಎಳೆಯುತ್ತಾರೆ. ಎಷ್ಟು ಸರಿಯಿತು ಎಂಬುದರ ಜೊತೆಗೆ, ಕೊನೆಯಲ್ಲಿ ಗಕ್ಕನೆ ನಿಂತಿತೇ ಅಥವಾ ಮೆತ್ತಗೆ ಮುಂದುವರಿಯಿತೇ ಎಂಬುದನ್ನೂ ನೋಡಬೇಕು. ಹುಟ್ಟಿನಿಂದಲೇ ಸಡಿಲ ಕೀಲಿನವರಿರುತ್ತಾರೆ, ಆದ್ದರಿಂದ ಮೊದಲು ಬಲಗಾಲನ್ನೂ ಎಳೆದು ಹೋಲಿಸಲಿ. ಅಲ್ಲಿಯವರೆಗೆ ಅಂಕಣಕ್ಕೆ ಇಳಿಯಬೇಡಿ.

ಹಿಂದಂಕಣ:
ಬೇರೆ ವೈದ್ಯರಲ್ಲಿಗೆ ಹೋಗಿ ಬಂದೆ. ಲ್ಯಾಕ್‌ಮನ್‌ನಲ್ಲಿ ಎಡಗಾಲು ಹೆಚ್ಚು ಸರಿದು, ಕೊನೆಯಲ್ಲಿ ಮೆತ್ತಗಿತ್ತು. ಎಂಆರ್‌ಐ ವರದಿಯಲ್ಲಿ ಎಸಿಎಲ್ ಪೂರ್ತಿ ಹರಿದಿದೆ, ತೊಡೆಮೂಳೆಯ ಹೊರತುದಿಯಲ್ಲೂ ಕೆಳಗಿನ ಮೂಳೆಯ ಹೊರಬದಿಯ ಹಿಂಭಾಗದಲ್ಲೂ ಮೂಳೆ ಜಜ್ಜಿದ ಗುರುತಿದೆ, ಹೊರಬದಿಯ ಮೆನಿಸ್ಕಸ್ಸಿನ ಹಿಂತುದಿಯಲ್ಲಿ ಸಣ್ಣ ಸೀಳಿದೆ ಎಂದಿದೆ.

ದೂರದೋಟ:
ಹೊರಬದಿಯ ಮೆನಿಸ್ಕಸ್ ಹರಿದಿದೆ ಎಂದು ನಾನು ಮೊದಲೇ ಹೇಳಿದ್ದೆ.

ಕೀಲುಫಿಸಿಯೊ:
ಅದು ನಿಜ, ಬೆರಳು ಮುಟ್ಟಿದ ಜಾಗವೂ ಸರಿಯಾಗಿತ್ತು. ಆದರೆ ಕುಸಿತಕ್ಕೆ ಆ ಸಣ್ಣ ಸೀಳು ಕಾರಣವೆಂದು ನನಗೆ ತೋರುವುದಿಲ್ಲ. ಜಜ್ಜಿದ ಎರಡು ಗುರುತುಗಳನ್ನು ನೋಡಿ: ಕೆಳಗಿನ ಮೂಳೆ ಮುಂದಕ್ಕೆ ಜಾರಿ, ಅದರ ಹಿಂಭಾಗ ತೊಡೆಮೂಳೆಗೆ ಬಡಿದಾಗ ಮಾತ್ರ ಆ ಎರಡೂ ಜಾಗಗಳು ಎದುರುಬದುರಾಗುತ್ತವೆ. ಹೊರಬದಿಯ ಮೆನಿಸ್ಕಸ್ ಅದೇ ಬಡಿತದಲ್ಲಿ ನಡುವೆ ಸಿಕ್ಕಿರಬೇಕು. ಇನ್ನು ಮುಂದೆ ಕಾಯಬೇಕಾದದ್ದು ಒಳಬದಿಯ ಮೆನಿಸ್ಕಸ್ಸನ್ನು. ಅದು ಮೂಳೆಗೆ ಬಿಗಿಯಾಗಿ ಅಂಟಿಕೊಂಡಿದೆ; ಎಸಿಎಲ್ ಇಲ್ಲದ ಮಂಡಿಯಲ್ಲಿ ಮೂಳೆ ಮುಂದಕ್ಕೆ ಜಾರದಂತೆ ತಡೆಯುವ ಹೊರೆ ಅದರ ಹಿಂತುದಿಯ ಮೇಲೆ ಬೀಳುತ್ತದೆ. ಕುಸಿಯುತ್ತಲೇ ಆಡಿದರೆ ಮುಂದೆ ಹರಿಯುವುದು ಅದೇ.

ಹಿಂದಂಕಣ:
ಹಾಗಾದರೆ ಶಸ್ತ್ರಚಿಕಿತ್ಸೆ ಮಾಡಿಸಲೇಬೇಕೇ?

ಗೋಲಿನಮುಂದೆ:
ಮೊದಲು ಬ್ರೇಸ್ ಹಾಕಿ ನೋಡಿ ಎಂದೇ ನನ್ನ ಸಲಹೆ.

ಕೀಲುಫಿಸಿಯೊ:
ಬ್ರೇಸ್ ಒಂದನ್ನೇ ನಂಬಿ ತಿರುಗುವ ಆಟ ಆಡುವುದನ್ನು ನಾನು ಒಪ್ಪುವುದಿಲ್ಲ. ಶಸ್ತ್ರಚಿಕಿತ್ಸೆಯ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ. ಸ್ವೀಡನ್ನಿನಲ್ಲಿ 121 ಚಟುವಟಿಕೆಯ ಯುವಜನರನ್ನು ಎರಡು ಗುಂಪು ಮಾಡಿ ನಡೆಸಿ, 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲು ವ್ಯಾಯಾಮ ಚಿಕಿತ್ಸೆ ಆರಂಭಿಸಿ ಬೇಕಾದರೆ ಮಾತ್ರ ಶಸ್ತ್ರಚಿಕಿತ್ಸೆ ಎಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಎರಡು ವರ್ಷವಾದರೂ ಎಸಿಎಲ್ ಮರುಜೋಡಣೆ ಬೇಕಾಗಲಿಲ್ಲ. ಮುಂದಿನ ವರ್ಷಗಳಲ್ಲಿ ಇನ್ನೂ ಕೆಲವರು ಮಾಡಿಸಿಕೊಂಡರು. ನಿಮ್ಮ ಮಂಡಿ ಈಗಾಗಲೇ ಕುಸಿಯುತ್ತಿದೆ, ಮತ್ತೆ ಜಿಗಿದು ತಿರುಗುವ ಆಟವನ್ನೇ ಆಡಬೇಕೆಂಬ ಆಸೆಯಿದೆ. ಇವೆರಡೂ ಶಸ್ತ್ರಚಿಕಿತ್ಸೆಯ ಕಡೆಗೆ ತೂಗುತ್ತವೆ. ಸೀಳು ರಕ್ತಸಂಚಾರವಿರುವ ಹೊರ ಅಂಚಿನಲ್ಲಿದೆಯೇ, ಹೊಲಿಯಬೇಕೇ, ಹಾಗೆಯೇ ಬಿಡಬಹುದೇ ಎಂದು ಶಸ್ತ್ರವೈದ್ಯರನ್ನೇ ಕೇಳಿ. ಯಾವ ಹಾದಿ ಹಿಡಿದರೂ ಮೊದಲು ಮಂಡಿ ಬಲಗಾಲಿನಷ್ಟೇ ನೀಳವಾಗಬೇಕು, ತೊಡೆಯ ಮುಂಭಾಗದ ಸ್ನಾಯುವಿಗೆ ಬಲ ಮರಳಬೇಕು. ಈ ನಡುವೆ ಎಂದಾದರೂ ಕಾಲು ಅರ್ಧದಲ್ಲೇ ಸಿಕ್ಕಿ ನೀಳವಾಗದೆ ನಿಂತರೆ ಬಲವಂತವಾಗಿ ಎಳೆಯಬೇಡಿ, ಮುಂದಿನ ಭೇಟಿಯವರೆಗೆ ಕಾಯಲೂ ಬೇಡಿ. ಮೆನಿಸ್ಕಸ್ಸಿನ ಹರಿದ ಭಾಗ ಮಡಚಿ ಕೀಲಿನ ನಡುವೆ ಬಂದಿರಬಹುದು, ಅದನ್ನು ಬೇಗ ನೋಡಿದರೆ ಹೊಲಿದು ಉಳಿಸಿಕೊಳ್ಳುವ ಅವಕಾಶ ಹೆಚ್ಚು.